ಕಾಲೆಳೆಯುವ ಹಕ್ಕು ಯಾರದು?

ಆನಂದಪುರದ ಸುತ್ತಿನ ಹಳ್ಳಿಗಳಲ್ಲಿ ಅಡಿಕೆ ಕೊಯ್ಲು ಶುರುವಾದರೆ ಮಾತಿಗೂ ಸುಗ್ಗಿ. ಕೆಂಪಡಿಕೆ ಮಾಡುವವರು ಹಸಿ ಕೊನೆಯನ್ನು ಇಟ್ಟುಕೊಂಡು ಕೂರುವಂತಿಲ್ಲ. ಕೊಯ್ದ ಒಂದೆರಡು ದಿನದೊಳಗೆ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಲು ಹರವಬೇಕು. ಹಾಗಾಗಿ ನೆಂಟರು, ನೆರೆಯವರು, ಗೆಳೆಯರು, ಕೂಲಿಗೆ ಬಂದವರು ಮೆಟ್ಟುಗತ್ತಿ ಹಿಡಿದು ರಾತ್ರಿ ಸಾಲಾಗಿ ಕೂರುತ್ತಿದ್ದರು. ಕೈಗೆ ಪುರಸೊತ್ತಿಲ್ಲ, ಬಾಯಿಗೆ ಬೇಕಾದಷ್ಟು ಪುರಸೊತ್ತು. ನಿದ್ದೆ ತಡೆಯಲು ಇದ್ದ ಒಂದೇ ಮದ್ದೆಂದರೆ ಪಕ್ಕದವನ ಕಾಲೆಳೆಯುವುದು. ಸುಲಿಯುವ ಯಂತ್ರ ಬಂದ ಮೇಲೆ ಇಂಥ ಸಾಲುಗಳು ಕಡಿಮೆಯಾಗಿವೆ. ರೂಢಿ ಮಾತ್ರ ಸತ್ತಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹೋಟೆಲು ಬೆಂಚುಗಳಿಗೂ ವಾಟ್ಸಾಪ್ ಗುಂಪುಗಳಿಗೂ ಜಾಗ ಬದಲಿಸಿದೆ. ಈಗಿನ ಹುಡುಗರು ಅದಕ್ಕೆ ರೋಸ್ಟ್ ಅನ್ನುತ್ತಾರೆ. ಈ ರೂಢಿ ಉಳಿಯಬೇಕಾದದ್ದೇ. ಆದರೆ ಅದರ ಮಿತಿಯನ್ನು ಗೇಲಿ ಮಾಡುವವನಲ್ಲ, ಗೇಲಿಗೆ ಸಿಕ್ಕವನು ಹಾಕಬೇಕು ಎಂಬುದು ನನ್ನ ವಾದ. ಗೆಳೆತನ ಹಳೆಯದು ಎಂಬ ಕಾರಣಕ್ಕೆ ಈ ಹಕ್ಕು ಕೈ ಬದಲಾಗುವುದಿಲ್ಲ.

ಒಂದು ಮಾತನ್ನೇ ಎತ್ತಿಕೊಂಡು ನೋಡೋಣ. ಊರಲ್ಲೇ ನಿಂತು ತೋಟ ನೋಡಿಕೊಳ್ಳುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಕಟ. ಮೂವತ್ತೈದು ದಾಟಿದ ಅಂಥ ಒಬ್ಬನಿಗೆ ಸುಲಿಯುವ ಸಾಲಿನಲ್ಲಿ ಗೆಳೆಯ ಹೇಳುತ್ತಾನೆ ಎಂದುಕೊಳ್ಳಿ: “ನಿನ್ನ ಮದುವೆ ಊಟಕ್ಕೆ ಅಂತ ನೆಟ್ಟ ಬಾಳೆ ಮೂರನೇ ಗೊನೆ ಹಾಕ್ತಲ್ಲೋ!” ಅವನು ಕತ್ತಿಯಿಂದ ಕಣ್ಣೆತ್ತದೆ ತಿರುಗಿಸಿ ಕೊಡುತ್ತಾನೆ: “ಹಾಕ್ಲಿ ಬಿಡು ಮಾರಾಯ. ನಿನ್ನ ಮದುವೆ ಆಗಿ ಹತ್ತು ವರ್ಷ ಆತು, ಚಪ್ಪರದ ಬಾಡಿಗೆ ಇನ್ನೂ ಬಂದಿಲ್ಲ ಅಂತ ಶಾಮಿಯಾನದವ ಮೊನ್ನೆನೂ ಕೇಳ್ತಿದ್ದ.” ಸಾಲಿಗೆ ಸಾಲೇ ನಗುತ್ತದೆ. ಇಲ್ಲಿ ತಪ್ಪು ಹುಡುಕುವುದು ಕಷ್ಟ. ಊರಿಗೆಲ್ಲ ಗೊತ್ತಿದ್ದೂ ಯಾರೂ ಬಾಯಿಬಿಡದ ಒಂದು ಭಾರವನ್ನು ಗೆಳೆಯ ಹಗುರ ಮಾಡಿದ್ದಾನೆ, ಅವನೂ ಸಮನಾಗಿ ಹಿಂದಿರುಗಿಸಿದ್ದಾನೆ. ಅನುಕಂಪದ ಹತ್ತು ಮಾತಿಗಿಂತ ಈ ಒಂದು ಕುಟುಕಿನಲ್ಲಿ ಹೆಚ್ಚು ಆಪ್ತತೆ ಇರಬಹುದು. ನಿನ್ನನ್ನು ನಾನು ಪಾಪದವನೆಂದು ನೋಡುತ್ತಿಲ್ಲ ಎಂದು ಹೇಳುವ ದಾರಿ ಅದು.

ಈಗ ಮಾತು ಅದೇ ಇರಲಿ, ಸಂದರ್ಭ ಬದಲಾಗಲಿ. ಹೋದ ವಾರ ಅವನಿಗೆ ನಿಶ್ಚಯವಾಗಿದ್ದ ಸಂಬಂಧ ತಪ್ಪಿದೆ. ಅಥವಾ ಕವಳ ಹಾಕಲು ಬಂದ ಅವನ ಅಮ್ಮ ಬಾಗಿಲಲ್ಲೇ ನಿಂತಿದ್ದಾಳೆ. ಅಥವಾ ಯಾರೋ ಅದನ್ನು ಮೊಬೈಲಿನಲ್ಲಿ ತೆಗೆದು ಗುಂಪಿಗೆ ಹಾಕಿದ್ದಾರೆ, ಅಲ್ಲಿ ಹೆಣ್ಣಿನ ಕಡೆಯ ನೆಂಟರೂ ಇದ್ದಾರೆ. ಅಥವಾ ಗೇಲಿ ಮಾಡಿದವನು ಗೆಳೆಯನಲ್ಲ, ಅವನಿಗೆ ತೋಟವನ್ನು ಗೇಣಿಗೆ ಕೊಟ್ಟವನು. ಬಾಳೆಗೊನೆಯ ಮಾತಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೂ ನಾಲ್ಕರಲ್ಲೂ ಅದು ಬೇರೆ ಬೇರೆ ಮಾತು. ಮೊದಲನೆಯದರಲ್ಲಿ ಹಸಿ ಗಾಯ, ಎರಡನೆಯದರಲ್ಲಿ ಅವನಿಗಿಂತ ಹೆಚ್ಚು ನೋಯುವ ಇನ್ನೊಬ್ಬ ಜೀವ, ಮೂರನೆಯದರಲ್ಲಿ ಕೇಳುವವರ ಲೆಕ್ಕವೇ ಇಲ್ಲ, ನಾಲ್ಕನೆಯದರಲ್ಲಿ ತಿರುಗಿಸಿ ಹೇಳುವ ಧೈರ್ಯವಿಲ್ಲ. ಹಾಗಾಗಿ ಯಾವ ವಿಷಯದ ಮೇಲೆ ತಮಾಷೆ ಮಾಡಬಹುದು, ಯಾವುದರ ಮೇಲೆ ಕೂಡದು ಎಂದು ಪಟ್ಟಿ ಮಾಡುವುದರಿಂದ ಹೆಚ್ಚೇನೂ ಸಾಧಿಸಿದಂತಾಗುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ: ಆ ವಿಷಯವನ್ನು ಮೊದಲು ನಗೆಗೆ ತಂದವರು ಯಾರು? ಯಾರ ಮುಂದೆ ಹೇಳುತ್ತಿದ್ದೇವೆ? ತಿರುಗೇಟು ಕೊಡಲು ಅವನಿಗೆ ಸಾಧ್ಯವೇ? ಸಾಕು ಅಂದರೆ ನಿಲ್ಲುತ್ತದೆಯೇ?

ಈ ಪ್ರಶ್ನೆಗಳು ಹೊಸವೇನಲ್ಲ. ನಮ್ಮ ಮದುವೆಮನೆಗಳ ಬೀಗರ ಹಾಡು ಇವಕ್ಕೆಲ್ಲ ಎಂದೋ ಉತ್ತರ ಕಂಡುಕೊಂಡಿದೆ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರ ಜಿಪುಣತನ, ಹೊಟ್ಟೆಬಾಕತನ, ಬೀಗಿತ್ತಿಯ ಒಯ್ಯಾರ ಎಲ್ಲವನ್ನೂ ಎದುರಿಗೇ ಹಾಡಿ ಜರೆಯುತ್ತಾರೆ. ಅವರು ಅದನ್ನು ಸಹಿಸಿಕೊಂಡು ಸುಮ್ಮನಿರಬೇಕೆಂದಿಲ್ಲ, ತಾವೂ ಹಾಡಿ ತೀರಿಸಿಕೊಳ್ಳಬಹುದು. ಹಾಡಿಗೆ ಹೊತ್ತಿದೆ, ಜಾಗವಿದೆ, ಕೊನೆಯಿದೆ; ಮರುದಿನ ಅದೇ ಮಾತನ್ನು ಮಾತಾಗಿ ಆಡಿದರೆ ಅದು ಜಗಳ. ಜರೆಯುವುದೂ ವ್ಯಕ್ತಿಯೊಬ್ಬರ ಗುಟ್ಟನ್ನಲ್ಲ, ಯಾವ ಬೀಗರಿಗಾದರೂ ಒಪ್ಪುವ ದೋಷಗಳನ್ನು. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಇಂಥ ಪರಿಹಾಸದ ಸಂಬಂಧಗಳ ಬಗ್ಗೆ ಬರೆದಿದ್ದ. ಹಲವು ಸಮಾಜಗಳಲ್ಲಿ ಗೊತ್ತಾದ ಕೆಲವು ನೆಂಟರು ಪರಸ್ಪರ ಗೇಲಿ ಮಾಡಬಹುದು, ಗೇಲಿಗೆ ಸಿಕ್ಕವರು ಸಿಟ್ಟಾಗಕೂಡದು ಎಂಬ ಕಟ್ಟಳೆ ಇರುತ್ತದೆ. ಮದುವೆಯಿಂದ ಹತ್ತಿರವೂ ಆಗಿ ಹೊರಗಿನವರೂ ಆಗಿ ಉಳಿದವರ ನಡುವಿನ ಬಿಗುವನ್ನು ಅದು ಸಡಿಲಿಸುತ್ತದೆ ಎಂಬುದು ಅವನ ವಿವರಣೆ. ಭಾವ ಮೈದುನರ ಕೀಟಲೆಯನ್ನು ಕಂಡ ನಮಗೆ ಇದು ಅಚ್ಚರಿಯಲ್ಲ. ಗೆಳೆತನಕ್ಕೆ ಮಾತ್ರ ಇಂಥ ಕಟ್ಟಳೆ ಇಲ್ಲ. ಯಾರು ಯಾರನ್ನು, ಎಲ್ಲಿವರೆಗೆ ಎಂದು ಹಿರಿಯರು ಗೆರೆ ಹಾಕಿಟ್ಟಿಲ್ಲ. ಹಾಗಾಗಿ ಗೆಳೆಯರೇ ತಮ್ಮತಮ್ಮಲ್ಲಿ ಹಾಕಿಕೊಳ್ಳಬೇಕು.

ಹಾಕಿಕೊಳ್ಳದಿದ್ದರೆ ಏನು ನಷ್ಟ, ನಮ್ಮ ಉದ್ದೇಶ ಗೆಳೆಯನಿಗೆ ಗೊತ್ತಿರುವುದಿಲ್ಲವೇ ಎಂಬುದು ಮೊದಲ ಆಕ್ಷೇಪ. ಗೊತ್ತಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಎಡವಟ್ಟು ಇರುವುದೇ ಅಲ್ಲಿ. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಮನೋವಿಜ್ಞಾನದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಕೀಟಲೆ ಮಾಡಿದವರಿಗೆ ತಮ್ಮ ಮಾತು ನಿರುಪದ್ರವಿ ಎನಿಸಿದಷ್ಟು ಅದನ್ನು ಕೇಳಿಸಿಕೊಂಡವರಿಗೆ ಅನಿಸಿರಲಿಲ್ಲ. ಕಾರಣ ಸರಳ: ಆಡುವವನು ತನ್ನ ಮಾತನ್ನು ಮನಸ್ಸಿನೊಳಗಿನ ಉದ್ದೇಶದ ಸಮೇತ ಕೇಳುತ್ತಾನೆ, ಕೇಳುವವನ ಕಿವಿಗೆ ಬೀಳುವುದು ಮಾತು ಮಾತ್ರ. ಅನ್ಯೋನ್ಯತೆ ಈ ಅಂತರವನ್ನು ತುಂಬಿಬಿಡುತ್ತದೆ ಎನ್ನುವಂತಿಲ್ಲ. ಅಪರಿಚಿತ ನಮ್ಮನ್ನು ಹಂಗಿಸಬೇಕೆಂದರೆ ಕಣ್ಣಿಗೆ ಕಂಡದ್ದನ್ನಷ್ಟೇ ಹಿಡಿದು ಹಂಗಿಸಬೇಕು. ಆಪ್ತನಿಗೆ ನಾವು ಅತ್ತದ್ದು, ಸಾಲ ಮಾಡಿದ್ದು, ಫೇಲಾದದ್ದು ಎಲ್ಲ ಗೊತ್ತು. ನಂಬಿ ಹೇಳಿದ್ದೇ ನಾಳೆ ನಗೆಗೆ ಸರಕಾದರೆ ಆಮೇಲೆ ಅವನಿಗೆ ಯಾರೂ ಏನನ್ನೂ ಹೇಳುವುದಿಲ್ಲ. ಗೆಳೆತನ ಒಡೆದು ಹೋಗದೆಯೂ ಒಳಗೇ ಬರಿದಾಗುವುದು ಹೀಗೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಅವನೇ ನಕ್ಕನಲ್ಲ, ಬೇಡವಾಗಿದ್ದರೆ ಹೇಳುತ್ತಿದ್ದ, ಇಲ್ಲವೇ ಎದ್ದು ಹೋಗುತ್ತಿದ್ದ. ಪೇಟೆಯ ಗೆಳೆಯರ ಗುಂಪಿನಲ್ಲಿ ಇದು ಸ್ವಲ್ಪ ಮಟ್ಟಿಗೆ ನಿಜವಿರಬಹುದು. ಮುಯ್ಯಾಳಿನ ಊರಿನಲ್ಲಿ ಎದ್ದು ಹೋಗುವುದು ಅಷ್ಟು ಸುಲಭವಲ್ಲ. ಇವತ್ತು ಇವನ ಮನೆಯ ಸುಲಿತಕ್ಕೆ ಬೆನ್ನು ತೋರಿಸಿದರೆ ನಾಳೆ ತನ್ನ ಮನೆಗೆ ಆಳಿಲ್ಲ. ಹಾಗಾಗಿ ನಗುತ್ತಾನೆ. ಹಿಂದಿನವರಿಗೆ ಇಷ್ಟೆಲ್ಲ ನಾಜೂಕು ಇರಲಿಲ್ಲ ಎನ್ನುವವರು ಒಂದನ್ನು ನೆನಪಿಡಬೇಕು: ಹಿಂದೆ ಒಡೆಯ ಆಳನ್ನು ಎಷ್ಟು ಬೇಕಾದರೂ ಗೇಲಿ ಮಾಡುತ್ತಿದ್ದ, ಆಳು ಒಡೆಯನನ್ನು ಅಷ್ಟೇ ಗೇಲಿ ಮಾಡುವಂತಿರಲಿಲ್ಲ. ಆ ನಗುವನ್ನು ಒಪ್ಪಿಗೆ ಎಂದು ಎಣಿಸಿದರೆ ಜೀತವನ್ನೂ ಒಪ್ಪಿಗೆ ಎನ್ನಬೇಕಾದೀತು. ಜಾತಿ ಹಿಡಿದು ಆಡುವ ತಮಾಷೆ ಗೆಳೆಯರ ನಡುವೆಯೂ ಸಲ್ಲದ್ದು ಈ ಕಾರಣಕ್ಕೇ. ಅಲ್ಲಿ ಸಮನಾದ ತಿರುಗೇಟು ಎಂಬುದೇ ಇಲ್ಲ, ಮೇಲಿನವನ ಜಾತಿಯನ್ನು ಎತ್ತಿ ಆಡಿದರೆ ಅವನಿಗೆ ಅದು ಬೈಗುಳವೇ ಆಗುವುದಿಲ್ಲ.

ನಗು ಸಾಕ್ಷಿಯಲ್ಲ ಎಂದಾದರೆ ಯಾವುದು ಸಾಕ್ಷಿ? ತಿರುಗೇಟು. ಕುಟುಕಿಗೆ ಕುಟುಕು ಬರುತ್ತಿರುವ ತನಕ ಆಟ ನಡೆಯುತ್ತಿದೆ ಎಂದು ಬಹುಮಟ್ಟಿಗೆ ನಂಬಬಹುದು. ಅವನು ನಕ್ಕರೂ ಮಾತು ತಿರುಗಿಸದಿದ್ದರೆ, ಉಳಿದವರೆಲ್ಲ ನಕ್ಕ ಮೇಲೆ ನಿಧಾನಕ್ಕೆ ನಕ್ಕರೆ, ಅಡಿಕೆ ಸುಲಿಯುವ ವೇಗ ಇದ್ದಕ್ಕಿದ್ದಂತೆ ಹೆಚ್ಚಿದರೆ, ಮರುದಿನ ಸಾಲಿನ ಆ ತುದಿಗೆ ಹೋಗಿ ಕೂತರೆ, ಗೆರೆ ದಾಟಿಯಾಗಿದೆ. ಇನ್ನೊಂದು ಮೋಸ ಹೋಗುವ ಜಾಗವಿದೆ. ಕೆಲವರು ಬೇರೆಯವರು ಹೇಳುವ ಮುಂಚೆ ತಾವೇ ತಮ್ಮ ಬೋಳುತಲೆ, ತಮ್ಮ ಸೋಲುಗಳನ್ನು ಹೇಳಿಕೊಂಡು ನಗುತ್ತಾರೆ. ಅದು ಬಾಗಿಲು ತೆರೆದದ್ದೂ ಇರಬಹುದು, ಏಟು ಬೀಳುವ ಮುಂಚೆ ಕೈ ಅಡ್ಡ ಹಿಡಿದದ್ದೂ ಇರಬಹುದು. ಅವನು ಹೇಳಿಕೊಂಡಷ್ಟರ ಆಚೆಗೆ ಒಂದು ಹೆಜ್ಜೆಯನ್ನೂ ಇಡದಿರುವುದು ಕ್ಷೇಮ. ಗೆರೆ ದಾಟಿದ್ದು ತಿಳಿದಾಗ “ತಮಾಷೆಗೆ ಹೇಳಿದ್ದಪ್ಪ, ಇಷ್ಟಕ್ಕೆಲ್ಲ ಬೇಜಾರಾ?” ಎನ್ನುವುದು ಎರಡನೇ ಏಟು, ನೋವಿನ ಜತೆಗೆ ನೊಂದದ್ದೂ ತಪ್ಪಾಯಿತು. ಅಲ್ಲೇ ಮಾತು ಬದಲಿಸಿ, ಆಮೇಲೆ ಒಬ್ಬನೇ ಸಿಕ್ಕಾಗ ತಪ್ಪಾಯ್ತು ಎನ್ನುವುದು ಸಾಕು.

ಇಷ್ಟೆಲ್ಲ ಲೆಕ್ಕ ಹಾಕಿದರೆ ನಗು ಎಲ್ಲಿ ಉಳಿಯುತ್ತದೆ ಎಂಬುದು ಕೊನೆಯ ಆಕ್ಷೇಪ. ರೋಸ್ಟನ್ನು ಒಂದು ಕಲೆಯಾಗಿ ಬೆಳೆಸಿದ ನ್ಯೂಯಾರ್ಕಿನ ಫ್ರೈಯರ್ಸ್ ಕ್ಲಬ್ಬಿನಲ್ಲಿ ಅದು ಮೊದಮೊದಲು ಮುಚ್ಚಿದ ಬಾಗಿಲೊಳಗೆ, ತಮ್ಮವರ ನಡುವೆ ಮಾತ್ರ ನಡೆಯುತ್ತಿತ್ತು. ಅಲ್ಲಿ ಅಷ್ಟು ಒರಟಾಗಿ ಮಾತಾಡಲು ಧೈರ್ಯ ಕೊಟ್ಟದ್ದೇ ಆ ಬಾಗಿಲು. ಮುಂಬೈಯಲ್ಲಿ 2014ರ ಡಿಸೆಂಬರಿನಲ್ಲಿ ಎಐಬಿ ತಂಡ ನಡೆಸಿದ ರೋಸ್ಟಿನಲ್ಲಿ ಗುರಿಯಾದ ರಣವೀರ್ ಸಿಂಗ್, ಅರ್ಜುನ್ ಕಪೂರ್ ಇಬ್ಬರೂ ಒಪ್ಪಿಯೇ ಕೂತಿದ್ದರು. ಅದರ ವಿಡಿಯೋ ಯೂಟ್ಯೂಬಿಗೆ ಏರಿದ ಮೇಲೆ ಗದ್ದಲವೆದ್ದು, ದೂರುಗಳಾಗಿ, 2015ರ ಫೆಬ್ರವರಿಯಲ್ಲಿ ಅದನ್ನು ಇಳಿಸಬೇಕಾಯಿತು. ಗದ್ದಲದಲ್ಲಿ ಬರೀ ಮಡಿವಂತಿಕೆಯೂ ಬೇಕಾದಷ್ಟಿತ್ತು, ಕಾನೂನಿನ ಬೆದರಿಕೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಲ್ಲಿ ಒಂದು ನಿಜವಾದ ಪ್ರಶ್ನೆಯೂ ಇತ್ತು: ಕುರ್ಚಿಯಲ್ಲಿ ಕೂತವನು ತನ್ನ ಪರವಾಗಿ ಒಪ್ಪಬಹುದು, ಅಲ್ಲಿಲ್ಲದವರ ಪರವಾಗಿ ಒಪ್ಪಲಾರ. ಆನಂದಪುರದ ಚಂಪಕ ಸರಸುವಿನ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳದಿಯ ವೆಂಕಟಪ್ಪ ನಾಯಕ ಮೆಚ್ಚಿದ ಚಂಪಕಳು ಬೆನ್ನ ಹಿಂದಿನ ಆಡಿಕೆಗೆ ನೊಂದು ಜೀವ ಬಿಟ್ಟಳೆಂದು, ಅವಳ ನೆನಪಿಗೆ ಆ ಕೊಳ ಕಟ್ಟಿಸಿದನೆಂದು ಊರವರು ಹೇಳುತ್ತಾರೆ. ಎದುರಿಗಿಲ್ಲದವರ ಮೇಲೆ ಆಡಿದ ಮಾತಿಗೆ ರೋಸ್ಟ್ ಎಂಬ ಹೆಸರು ಒಪ್ಪುವುದಿಲ್ಲ, ಅದು ಚಾಡಿ.

ಮಿತಿಯಿಂದ ನಗು ಸಾಯುವುದಿಲ್ಲ ಎಂಬುದಕ್ಕೆ ಬೀಗರ ಹಾಡೇ ಸಾಕಷ್ಟು ಪುರಾವೆ. ಅಷ್ಟು ಕಟ್ಟಳೆಯೊಳಗೂ ಅದು ಖಾರವಾಗಿಯೇ ಇದೆ. ಪ್ರತಿ ಮಾತಿಗೂ ಅನುಮತಿ ಕೇಳಬೇಕೆಂದು ಯಾರೂ ಹೇಳುತ್ತಿಲ್ಲ. ಒಬ್ಬ ಗೆಳೆಯ ಒಮ್ಮೆ “ಅದೊಂದು ಬಿಡ್ರೋ” ಎಂದರೆ ಕಾರಣ ಕೇಳದೆ ಬಿಡುವುದು, ಅವನು ಹೇಳುವ ತನಕ ಮೊಬೈಲು ಎತ್ತದಿರುವುದು, ತನ್ನ ಸರದಿ ಬಂದಾಗ ತಾನೂ ತಲೆ ಕೊಡುವುದು, ಇಷ್ಟಿದ್ದರೆ ಉಳಿದದ್ದನ್ನು ಜಾಣತನಕ್ಕೆ ಬಿಡಬಹುದು. ಹಾಗೆ ಬಿಡಲಾರದವನ ಗೇಲಿಗೆ ಎಷ್ಟೇ ಜನ ನಗಲಿ, ಅವನು ಗೆಳೆಯನ ಖರ್ಚಿನಲ್ಲಿ ಸಭೆಯನ್ನು ನಗಿಸುತ್ತಿದ್ದಾನೆ, ಅಷ್ಟೇ. ಗೆಳೆಯನನ್ನೇ ನಗಿಸಲಾಗದ ಕಾಲೆಳೆತ ತನ್ನ ಮೊದಲ ಕೆಲಸದಲ್ಲೇ ಸೋತಿದೆ.