ಸುವರ್ಣಯುಗದ ಪೇಟೆಯಲ್ಲಿ ಕೋಲಿನ ಸದ್ದು

ಗುಪ್ತರ ಕಾಲ ಸುವರ್ಣಯುಗ ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಅದಕ್ಕೆ ಸಾಕ್ಷಿ ಯಾರು? ಚೀನಾದಿಂದ ಬಂದ ಬೌದ್ಧ ಭಿಕ್ಷು ಫಾಹಿಯಾನ್. ಐದನೇ ಶತಮಾನದ ಆರಂಭದಲ್ಲಿ ಉತ್ತರ ಭಾರತ ಸುತ್ತಿದ ಆತ, ಜನ ಸುಖವಾಗಿದ್ದಾರೆ, ಅರಸ ತಲೆ ಕಡಿಯದೆ ದಂಡ ಹಾಕಿ ಬಿಡುತ್ತಾನೆ ಎಂದು ಬರೆದ. ಎಷ್ಟೋ ಪಠ್ಯಪುಸ್ತಕಗಳು ಅವನ ಮಾತನ್ನು ಅಲ್ಲಿಗೇ ಕತ್ತರಿಸುತ್ತವೆ. ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ಚಂಡಾಲರು ಊರ ಹೊರಗೆ ಬೇರೆಯಾಗಿ ಇರುತ್ತಾರೆ, ಪೇಟೆಗೆ ಬಂದರೆ ಮರದ ತುಂಡೊಂದನ್ನು ಬಡಿದು ಸದ್ದು ಮಾಡಬೇಕು, ಆ ಸದ್ದು ಕೇಳಿ ಉಳಿದವರು ಸರಿದು ಹೋಗುತ್ತಾರೆ ಎಂಬುದೂ ಅವನದೇ ಮಾತು. ತಮಾಷೆಯೆಂದರೆ ಅವನು ಯಾವ ಗುಪ್ತ ಅರಸನ ಹೆಸರನ್ನೂ ಎತ್ತುವುದಿಲ್ಲ. ಯುಗಕ್ಕೆ ಅರಸನ ಹೆಸರಿಟ್ಟು ಚಿನ್ನದ ನೀರು ಹಾಕಿದವರು ಆಮೇಲಿನ ಚರಿತ್ರೆಕಾರರು.

ಪ್ರಾಚೀನ, ಮಧ್ಯಯುಗ, ಆಧುನಿಕ ಎಂಬ ಮೂರು ಪಾಲು ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಯೂರೋಪಿನವರು ತಮ್ಮ ರೋಮ್ ಬಿದ್ದ ಮೇಲಿನ ಕಾಲವನ್ನು 'ನಡುವಿನದು' ಎಂದು ಕರೆದುಕೊಂಡರು. ಇಲ್ಲಿ 1817ರಲ್ಲಿ ಜೇಮ್ಸ್ ಮಿಲ್ ಎಂಬಾತ, ಭಾರತಕ್ಕೆ ಒಮ್ಮೆಯೂ ಕಾಲಿಡದೆ, ಬ್ರಿಟಿಷ್ ಭಾರತದ ಚರಿತ್ರೆ ಬರೆದು ನಮ್ಮ ಕಾಲವನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಹೋಳು ಮಾಡಿದ. ಆಮೇಲೆ ಬಂದವರು ಹೆಸರು ಬದಲಿಸಿದರೇ ಹೊರತು ಗೆರೆ ಅಳಿಸಲಿಲ್ಲ. ದೆಹಲಿ ಸುಲ್ತಾನರ ಆಳ್ವಿಕೆ ಶುರುವಾದ 1206 ಬಹಳ ಪುಸ್ತಕಗಳಲ್ಲಿ ಮಧ್ಯಯುಗದ ಬಾಗಿಲಾಯಿತು.

ಬಾಗಿಲು ಎಲ್ಲಿದ್ದರೆ ನಮಗೇನು? ಇದೆ. ಸಿಂಹಾಸನದ ಮೇಲೆ ಕೂತವನ ಮತ ನೋಡಿ ಗೆರೆ ಎಳೆದರೆ, ಗೆರೆಯ ಆಚೆಗಿನದೆಲ್ಲ ಬೆಳಕು, ಈಚೆಗಿನದೆಲ್ಲ ಕತ್ತಲೆ. ಅಸ್ಪೃಶ್ಯತೆಯೂ ಸುಲ್ತಾನರ ಕಾಲದಲ್ಲೇ ಬಂದದ್ದು ಎಂದು ಭಾಷಣ ಮಾಡುವವರು ಈಗಲೂ ಇದ್ದಾರೆ. ಹಾಗಾದರೆ ಫಾಹಿಯಾನ್ ಕೇಳಿದ ಸದ್ದು ಯಾವುದು? ಅದು 1206ಕ್ಕಿಂತ ಸುಮಾರು 800 ವರ್ಷ ಹಿಂದಿನದು!

ಬಾಬಾಸಾಹೇಬ ಅಂಬೇಡ್ಕರ್ 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದಾಗ ಅರಸರ ಪಟ್ಟಿಯನ್ನು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳಿದರು: ಇದು ಹುಟ್ಟಿದ್ದು ಯಾವಾಗ? ಮನುಸ್ಮೃತಿಯ ಕಾಲಕ್ಕೆ, ಅಂದರೆ ಕ್ರಿ.ಶ. 200ರ ಹೊತ್ತಿಗೆ, ಅಶುದ್ಧಿಯ ಭಾವನೆ ಇತ್ತು, ಅಸ್ಪೃಶ್ಯತೆ ಇರಲಿಲ್ಲ. ಹ್ಯೂಯೆನ್‌ತ್ಸಾಂಗ್ ಬಂದ ಏಳನೇ ಶತಮಾನಕ್ಕೆ ಅದು ಬಂದುಬಿಟ್ಟಿತ್ತು ಎಂದು ಎರಡು ಗೂಟ ನೆಟ್ಟರು. ನಡುವೆ, ಗೋಹತ್ಯೆಯನ್ನು ಗುಪ್ತ ಅರಸರು ಮಹಾಪರಾಧ ಮಾಡಿದರು ಎಂಬುದನ್ನು ಹಿಡಿದು, 400ರ ಸುಮಾರಿಗೆ ಅದು ಹುಟ್ಟಿತು ಎಂದರು. ಬೌದ್ಧಕ್ಕೂ ಬ್ರಾಹ್ಮಣ್ಯಕ್ಕೂ ನಡೆದ ಹೋರಾಟದಲ್ಲಿ ಹುಟ್ಟಿದ ಕೂಸು ಅದು ಎಂಬುದು ಅವರ ವಾದ. ಗುಪ್ತರ ಕಾಲ ಅದೇ, ಪುಸ್ತಕವೂ ಹಳೆಯದೇ. ಆದರೆ ಪ್ರಶ್ನೆ ಬದಲಾದೊಡನೆ ಸುವರ್ಣಯುಗ ಅಸ್ಪೃಶ್ಯತೆಯ ಹೆರಿಗೆಮನೆಯಾಗಿ ಕಾಣಿಸತೊಡಗಿತು.

ಅವರ ತೇದಿಯನ್ನು ಎಲ್ಲರೂ ಒಪ್ಪಿಲ್ಲ, ಒಪ್ಪಬೇಕೆಂದೂ ಇಲ್ಲ. ಚಂಡಾಲರನ್ನು ಊರ ಹೊರಗಿಡುವ ಕಟ್ಟಳೆ ಮನುವಿನಲ್ಲೇ ಇದೆ. ಅಶುದ್ಧಿಗೂ ಅಸ್ಪೃಶ್ಯತೆಗೂ ನಡುವೆ ಅಂಬೇಡ್ಕರ್ ಎಳೆದ ಗೆರೆ ಅಷ್ಟು ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ಕೇಳಬಹುದು. 1975ರಲ್ಲಿ ಇತಿಹಾಸಕಾರ ವಿವೇಕಾನಂದ ಝಾ ಇದನ್ನು ಒಂದೇ ಹುಟ್ಟು ಎನ್ನದೆ ಹಂತಹಂತವಾಗಿ ಬೆಳೆದದ್ದು ಎಂದು ತೋರಿಸಿದರು. ಚಂಡಾಲರಂಥವರು 200ಕ್ಕೂ ಮುಂಚೆಯೇ ಹೊರಗಾಗಿದ್ದರು. ಚರ್ಮ ಹದಮಾಡುವವರಂಥ ಕಸುಬುಗಾರರು ಆ ಪಟ್ಟಿಗೆ ಸೇರಿದ್ದು ಬಹಳ ತಡವಾಗಿ, 600ರಿಂದ 1200ರ ನಡುವೆ. ಝಾ ಅವರ ಗೆರೆಗಳೂ ಗೆರೆಗಳೇ. ಆದರೆ ಅವು ಅರಸ ಸತ್ತ ದಿನಕ್ಕೆ ಬೀಳುವುದಿಲ್ಲ, ಮನುಷ್ಯನನ್ನು ಕೇರಿಗೆ ತಳ್ಳಿದ ಹೊತ್ತಿಗೆ ಬೀಳುತ್ತವೆ.

ಈ 600ರಿಂದ 1200ನ್ನೇ ಇತಿಹಾಸಕಾರರು 'ಆದಿ ಮಧ್ಯಯುಗ' ಎಂದು ಕರೆದು ಜಗಳಾಡಿದ್ದು. ಆರ್.ಎಸ್. ಶರ್ಮ 1965ರಲ್ಲಿ ಭೂದಾನದ ತಾಮ್ರಪಟಗಳನ್ನು ಮುಂದಿಟ್ಟು, ರೈತ ಭೂಮಾಲೀಕನ ಕೈಗೆ ಸಿಕ್ಕಿಕೊಂಡ ಕಾಲ ಇದು ಎಂದರು. ಬಿ.ಡಿ. ಚಟ್ಟೋಪಾಧ್ಯಾಯ 1994ರಲ್ಲಿ ಅದನ್ನು ಒಪ್ಪದೆ, ಕಾಡಿನ ಜನ ಬೇಸಾಯಕ್ಕಿಳಿದು ಜಾತಿಗಳಾಗಿ ಮಾರ್ಪಟ್ಟ ಕಾಲ ಎಂದು ನೋಡಿದರು. ಯಾರು ಗೆದ್ದರು ಅಂತ ನಾವು ತೀರ್ಪು ಕೊಡುವುದಿಲ್ಲ. ಇಬ್ಬರ ಕಣ್ಣಿಗೂ ಬಿದ್ದದ್ದು ಹೊಲ ಉತ್ತವನು. 1206ರ ಬಾಗಿಲಲ್ಲಿ ನಿಂತವರಿಗೆ ಅವನು ಕಾಣುವುದೇ ಇಲ್ಲ.

ನಮ್ಮ ಸಾಹಿತ್ಯ ಚರಿತ್ರೆಗಳ ಕಥೆಯೂ ಅಷ್ಟೇ. ಮೊದಲು ಜೈನ, ವೀರಶೈವ, ಬ್ರಾಹ್ಮಣ ಯುಗ ಎಂದರು, ಆಮೇಲೆ ಪಂಪಯುಗ, ಬಸವಯುಗ ಎಂದರು. ಮಾದಾರ ಚೆನ್ನಯ್ಯನಿಗೆ ಬೇರೊಬ್ಬರ ಯುಗದೊಳಗೆ ಮೂಲೆ ಸಿಕ್ಕಿತು. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯಕ್ಕೆ ಯಾವ ಯುಗವೂ ಇಲ್ಲ. ಅದನ್ನು 'ಜಾನಪದ' ಎಂಬ ತೇದಿಯಿಲ್ಲದ ಅಧ್ಯಾಯಕ್ಕೆ, ಪುಸ್ತಕದ ಕೊನೆಗೆ, ಊರಾಚೆಗೆ ಕಳಿಸಿದ್ದಾರೆ.