‘ಅ’ಯಿಂದ ‘ಹ’ವರೆಗೆ: ಒಂದು ಸಾಲಿನ ಓದು

ಹೆಸರನ್ನು ಕನ್ನಡದಲ್ಲೇ ತುಂಬಬೇಕಾದ ಒಂದು ಅರ್ಜಿ ನಮೂನೆ. ಬೇರೆ ಲಿಪಿಯ ಅಕ್ಷರ ಒಳಗೆ ಬರದಂತೆ ತಡೆಯಲು ಅದನ್ನು ಬರೆದವರು ಈ ರೆಗ್ಯುಲರ್ ಎಕ್ಸ್‌ಪ್ರೆಶನ್ ಇಟ್ಟಿದ್ದರು:

```
^[ಅ-ಹ]+$
```

ಜೊತೆಗೆ ಒಂದು ವಿವರಣೆಯೂ ಇತ್ತು: `^` ಅಂದರೆ ಶುರು, `[ಅ-ಹ]` ಅಂದರೆ ಯಾವುದಾದರೂ ಕನ್ನಡ ಅಕ್ಷರ, `+` ಅಂದರೆ ಒಂದು ಅಥವಾ ಹೆಚ್ಚು, `$` ಅಂದರೆ ಕೊನೆ. ತುಂಡು ತುಂಡಾಗಿಯೇ ಓದಿದ್ದಾರೆ. ‘ಕಮಲ’, ‘ಭರತ’ ಎಂದು ಹಾಕಿ ನೋಡಿದ್ದಾರೆ, ಎರಡೂ ಪಾಸಾಗಿವೆ. ಆದರೆ ‘ಗೀತಾ’ ಎಂದು ಬರೆದವರ ಅರ್ಜಿ ತಿರಸ್ಕೃತವಾಯಿತು.

ಈ ಬಗೆಯ ಓದಿನ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರು. ಅದು ಪ್ರತಿ ತುಂಡಿಗೂ ಬರೆದವರ ಉದ್ದೇಶವನ್ನು ಹೇಳುತ್ತದೆ. ಆ ತುಂಡು ಯಾವುದನ್ನು ಹಿಡಿಯುತ್ತದೆ ಎಂಬುದನ್ನು ಹೇಳುವುದಿಲ್ಲ. ‘ಯಾವುದಾದರೂ ಕನ್ನಡ ಅಕ್ಷರ’ ಎಂಬ ಅರ್ಥ ಶಾಲೆಯ ವರ್ಣಮಾಲೆಯಿಂದ ಬಂದದ್ದು. ಯಂತ್ರಕ್ಕೆ ವರ್ಣಮಾಲೆ ಗೊತ್ತಿಲ್ಲ, ಯೂನಿಕೋಡ್ ಸಂಖ್ಯೆಗಳು ಮಾತ್ರ ಗೊತ್ತು. ಅದರ ಪಾಲಿಗೆ ಈ ತುಂಡು 0C85ರಿಂದ 0CB9ರವರೆಗಿನ ಯಾವುದೋ ಒಂದು ಸಂಕೇತ, ಅಷ್ಟೇ. ಸ್ವರಗಳೂ ವ್ಯಂಜನಗಳೂ ಈ ಎಲ್ಲೆಯೊಳಗಿವೆ. ಅನುಸ್ವಾರ ಮತ್ತು ವಿಸರ್ಗ (0C82, 0C83) ‘ಅ’ಗಿಂತ ಮೊದಲೇ ನಿಂತಿವೆ. ಕಾಗುಣಿತದ ಚಿಹ್ನೆಗಳು 0CBEಯಿಂದ ಶುರುವಾಗುತ್ತವೆ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ 0CCD. ಇವೆಲ್ಲ ‘ಹ’ ದಾಟಿದ ಮೇಲಿನವು.

ಈಗ ‘ಗೀತಾ’ ಮೇಲೆ ಬೆರಳಿಟ್ಟು ಓದಬೇಕು. ಕಣ್ಣಿಗೆ ಎರಡು ಅಕ್ಷರ, ಯಂತ್ರಕ್ಕೆ ನಾಲ್ಕು ಸಂಕೇತ: ಗ, ಈ-ಕಾರದ ಚಿಹ್ನೆ, ತ, ಆ-ಕಾರದ ಚಿಹ್ನೆ. `^` ಏನನ್ನೂ ತಿನ್ನುವುದಿಲ್ಲ, ನಿಂತಿರುವುದು ಶುರುವಿನಲ್ಲೇ ಎಂದು ಖಚಿತಪಡಿಸಿಕೊಳ್ಳುತ್ತದೆ. ಚೌಕ ಕಂಸ ‘ಗ’ವನ್ನು ಹಿಡಿಯುತ್ತದೆ. `+` ಇನ್ನೊಂದನ್ನು ಕೇಳುತ್ತದೆ. ಎದುರಿಗಿರುವುದು ಈ-ಕಾರದ ಚಿಹ್ನೆ, ಎಲ್ಲೆಯ ಆಚೆಯದು. ಒಂದು ಸಿಕ್ಕಿದೆಯಾದ್ದರಿಂದ `+` ಅಲ್ಲಿಗೇ ತೃಪ್ತ. ಆದರೆ `$` ಕೇಳುವುದು ಪಠ್ಯದ ಕೊನೆ, ಮುಂದೆ ಇನ್ನೂ ಮೂರು ಸಂಕೇತಗಳಿವೆ. ಹಿಂದಕ್ಕೆ ಬಿಟ್ಟುಕೊಡಲು `+` ಬಳಿ ಏನೂ ಉಳಿದಿಲ್ಲ. ಹೊಂದಿಕೆ ವಿಫಲ. ‘ಕಮಲ’, ‘ಭರತ’ ಪಾಸಾದದ್ದು ಅವುಗಳಲ್ಲಿ ಬರೀ ಅ-ಕಾರದ ವ್ಯಂಜನಗಳಿದ್ದುದರಿಂದ. ಪರೀಕ್ಷೆಯ ಪದಗಳೇ ದೋಷವನ್ನು ಮುಚ್ಚಿಟ್ಟವು.

`^`, `$` ಎರಡನ್ನೂ ತೆಗೆದು ಪದ ಹೆಕ್ಕಲು ಬಳಸಿದರೆ ತಪ್ಪು ಇನ್ನೂ ಮೆತ್ತಗೆ ನುಸುಳುತ್ತದೆ. ‘ಕನ್ನಡ’ ಎಂಬುದು ವಿರಾಮ ಚಿಹ್ನೆಯ ಬಳಿ ಮುರಿದು ‘ಕನ’, ‘ನಡ’ ಎಂದು ಎರಡಾಗಿ ಬರುತ್ತದೆ. ಯಾವ ದೋಷಸೂಚನೆಯೂ ಇಲ್ಲ. ಪೈಥಾನ್‌ನ `re` ಒಳಗಿನ `\w+` ಕೂಡ ಇದನ್ನೇ ಮಾಡುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ಈ ಚಿಹ್ನೆಗಳು ಅಕ್ಷರಗಳಲ್ಲ. ಕನ್ನಡ ಪದಗಳ ಎಣಿಕೆಯಲ್ಲಿ ‘ನಡ’ ಅನುಮಾನ ಬರುವಷ್ಟು ಸಲ ಕಂಡರೆ ಇಲ್ಲಿ ಹುಡುಕಬೇಕು.

ಇನ್ನೊಂದು ಮಾತನ್ನು ಬಿಡಲಾರೆ. ವರ್ಣಮಾಲೆ ‘ಳ’ದಲ್ಲಿ ಮುಗಿಯುತ್ತದಲ್ಲ ಎಂದು ಯಾರಾದರೂ `[ಅ-ಳ]` ಎಂದು ತಿದ್ದಿದರೆ ‘ವನಜ’ ಕೂಡ ಹೊರಗುಳಿಯುತ್ತಾಳೆ. ಯೂನಿಕೋಡಿನಲ್ಲಿ ‘ಳ’ ಇರುವುದು ‘ಲ’ದ ಪಕ್ಕದಲ್ಲಿ, ವ, ಶ, ಷ, ಸ, ಹ ಅದರ ನಂತರ ಬರುತ್ತವೆ.

ಸಾಮಾನ್ಯವಾಗಿ ಸೂಚಿಸುವ ಪರಿಹಾರ ಇಡೀ ಕನ್ನಡ ವಿಭಾಗವನ್ನೇ ತೆಗೆದುಕೊಳ್ಳುವುದು: `^[\u0C80-\u0CFF]+$`. ಗೀತಾ ಒಳಗೆ ಬಂದಳು. ಆದರೆ ಕನ್ನಡ ಅಂಕಿಗಳೂ ಬಂದವು, ವ್ಯಂಜನವೇ ಇಲ್ಲದ ಒಂಟಿ ಚಿಹ್ನೆಯೂ ಬಂತು. ‘ರಾಜ್‌ಕುಮಾರ್’ ಮಾತ್ರ ಇನ್ನೂ ಹೊರಗೇ. ‘ಕ’ ಒತ್ತಾಗಿ ಕೆಳಗಿಳಿಯದಿರಲೆಂದು ‘ಜ್’ ನಂತರ ಒಂದು ಅದೃಶ್ಯ ಸಂಕೇತವನ್ನು ಟೈಪಿಸುತ್ತೇವೆ. ಅದು 200C, ಕನ್ನಡ ವಿಭಾಗದ್ದೇ ಅಲ್ಲ. ಪರದೆಯ ಮೇಲೆ ಕಾಣದ ಇಂಥದ್ದನ್ನು ಕಣ್ಣೋಟದ ಓದು ಹಿಡಿಯಲಾರದು. ಪಠ್ಯವನ್ನು ಸಂಕೇತ ಸಂಕೇತವಾಗಿ ಬಿಡಿಸಿಟ್ಟುಕೊಂಡರೆ ಮಾತ್ರ ಸಿಗುತ್ತದೆ.

ಹೀಗೆ ಓದುತ್ತ ಹೋದರೆ ಮುಟ್ಟುವ ರೂಪ ಇದು:

```
^([ಅ-ಹ][\u0C82\u0C83\u0CBC-\u0CCD\u200C\u200D]*)+$
```

ಮೊದಲು ಸ್ವರ ಅಥವಾ ವ್ಯಂಜನ ಒಂದು ಇರಲೇಬೇಕು. ಅದರ ಬೆನ್ನಿಗೆ ಚಿಹ್ನೆಗಳು ಎಷ್ಟಾದರೂ ಇರಬಹುದು, ಇಲ್ಲದೆಯೂ ಇರಬಹುದು. ಈ ಜೋಡಿ ಒಂದಾದರೂ ಸಲ ಬರಬೇಕು. `*` ಹೊರಗೆ `+` ಕಂಡರೆ ಯಂತ್ರ ಹಿಂದೆ ಮುಂದೆ ತಡಕಾಡಿ ಸ್ಥಗಿತವಾದೀತೆಂಬ ಭಯ ಸಹಜ. ಇಲ್ಲಿ ಎರಡು ಕಂಸಗಳಲ್ಲಿ ಒಂದೂ ಸಮಾನ ಸಂಕೇತವಿಲ್ಲದ ಕಾರಣ ಒಂದು ಹೆಸರನ್ನು ಒಡೆಯಲು ಒಂದೇ ದಾರಿ, ಆ ಭಯವಿಲ್ಲ. ಎರಡು ಪದಗಳ ಹೆಸರಿಗೆ ಜಾಗ ಬಿಡುವ ತುಂಡನ್ನು ಇನ್ನೂ ಸೇರಿಸಬೇಕು. ಆ `*` ಇರುವವರೆಗೆ ‘ಕ’ದ ಮೇಲೆ ಎರಡು ಆ-ಕಾರ ಹೇರಿದ ಹೆಸರೂ ಪಾಸಾಗುತ್ತದೆ.