ಡಬ್ಬದ ಮೇಲಿನ ಎರಡು

ಬಸವೇಶ್ವರನಗರದ ಯಾವುದೇ ಮೆಡಿಕಲ್ ಶಾಪಿಗೆ ಹೋಗಿ, ಕೌಂಟರಿನ ಹಿಂದೆ ಒಂದು ಶೆಲ್ಫ್ ಮಗುವಿನ ಹಾಲಿನ ಪುಡಿಗೇ ಮೀಸಲು. ನ್ಯಾನ್ ಪ್ರೊ, ಲ್ಯಾಕ್ಟೋಜನ್, ಹೆಸರು ಬೇರೆ ಇರಬಹುದು, ವ್ಯವಸ್ಥೆ ಒಂದೇ: ಒಂದು, ಎರಡು, ಮೂರು. ಎಲ್‌ಕೆಜಿ, ಯುಕೆಜಿ ಥರ. ಆರು ತಿಂಗಳು ತುಂಬಿತಾ, ಮಗು ಪಾಸ್, ಎರಡನೇ ಡಬ್ಬಕ್ಕೆ ಪ್ರಮೋಷನ್.

ನನ್ನ ತಕರಾರು ಪುಡಿಯ ಮೇಲಲ್ಲ, ಈ ಅಂಕಿಯ ಮೇಲೆ. ಭಾರತದಲ್ಲಿ 1992ರ ಶಿಶು ಹಾಲು ಬದಲಿಗಳ ಕಾಯ್ದೆ ಇದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಎರಡು ವರ್ಷದ ಒಳಗಿನ ಮಕ್ಕಳ ಇಂಥ ಆಹಾರಕ್ಕೆ ಜಾಹೀರಾತು ಹಾಕುವಂತಿಲ್ಲ, ಡಬ್ಬದ ಮೇಲೆ ಮಗುವಿನ ಚಿತ್ರ ಕೂಡ ಇರಬಾರದು. ಇಷ್ಟೆಲ್ಲ ಬಾಯಿ ಕಟ್ಟಿದ ಮೇಲೂ ಮಾತಾಡೋಕೆ ಉಳಿದಿರೋದು ಆ ಅಂಕಿ ಒಂದೇ. ಅದು ಹೇಳೋದೂ ಒಂದೇ ಮಾತು: ಇದು ಮುಗೀತು, ಮುಂದಿನದು ತಗೊಳ್ಳಿ.

ಹಾಗಂತ ಎರಡನ್ನೂ ಒಂದೇ ಪುಡಿ ಅಂತ ತಳ್ಳಿಹಾಕುವಂತಿಲ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಇವನ್ನು ಎರಡು ವರ್ಗವಾಗಿಯೇ ನೋಡುತ್ತದೆ. 1987ರಲ್ಲಿ ಎರಡನೇ ವರ್ಗಕ್ಕೆ ನಿಯಮ ಬರೆದಾಗ ಪ್ರೋಟೀನ್ ಜಾಸ್ತಿ ಇರಬೇಕು ಅಂದಿತ್ತು: ಪ್ರತಿ 100 ಕ್ಯಾಲರಿಗೆ ಕನಿಷ್ಠ 3 ಗ್ರಾಂ. ಮೊದಲನೆಯದಕ್ಕೆ ಕನಿಷ್ಠ 1.8 ಸಾಕಿತ್ತು. 2023ರಲ್ಲಿ ಆ ನಿಯಮ ತಿದ್ದಿದಾಗ ಎರಡನೆಯದರ ಕನಿಷ್ಠವನ್ನೂ 1.8ಕ್ಕೇ ಇಳಿಸಿದರು. ಅಂದರೆ ಪ್ರೋಟೀನಿನ ಅಂತರ ನಿಯಮದಲ್ಲೇ ಕರಗಿಹೋಯಿತು. ಮುಖ್ಯವಾಗಿ ಉಳಿದದ್ದು ಕಬ್ಬಿಣಾಂಶ.

ಈ ಕಬ್ಬಿಣದ ವಾದ ಸುಳ್ಳಲ್ಲ. ಹುಟ್ಟುವಾಗ ತಾಯಿಯಿಂದ ತಂದ ದಾಸ್ತಾನು ಆರು ತಿಂಗಳ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ. ಪ್ರಶ್ನೆ ಇರುವುದು, ಅದನ್ನು ಡಬ್ಬದಿಂದಲೇ ತುಂಬಬೇಕಾ ಅಂತ. ವಿಜಯನಗರದ ಗೆಳತಿಯೊಬ್ಬಳು "ಅಕ್ಕಾ, ಸೋಮವಾರಕ್ಕೆ ಆರು ತಿಂಗಳು, ಡಬ್ಬ ಬದಲಿಸ್ಬೇಕಾ?" ಅಂತ ಕೇಳಿದಾಗ ಕೂತು ಲೆಕ್ಕ ಹಾಕಿದೆವು. ಅವಳ ಮಗು ದಿನಕ್ಕೆ ಸುಮಾರು 600 ಎಂಎಲ್ ಕುಡಿಯುತ್ತೆ, ಅಂದರೆ ಹತ್ತಿರ ಹತ್ತಿರ 400 ಕ್ಯಾಲರಿ. ಕೋಡೆಕ್ಸಿನ ಕನಿಷ್ಠ ಮಟ್ಟದಲ್ಲೇ ಮಾಡಿದ ಒಂದನೇ ಡಬ್ಬದಿಂದ ಅದಕ್ಕೆ ಸಿಗೋದು 1.8 ಮಿಲಿಗ್ರಾಂ ಕಬ್ಬಿಣ, ಎರಡನೆಯದರಿಂದ 4. ವ್ಯತ್ಯಾಸ ಎರಡು ಚಿಲ್ಲರೆ ಮಿಲಿಗ್ರಾಂ. ಎಷ್ಟೋ ಒಂದನೇ ಡಬ್ಬಗಳಲ್ಲಿ ಕನಿಷ್ಠಕ್ಕಿಂತ ಜಾಸ್ತಿ ಇರುತ್ತೆ, ಆಗ ಅಂತರ ಇನ್ನೂ ಕಡಿಮೆ. ನಿಮ್ಮ ಡಬ್ಬ ತಿರುಗಿಸಿ ನೋಡಿ. ಆದರೆ 100 ಗ್ರಾಂ ಪುಡಿಯ ಲೆಕ್ಕ ಬಿಟ್ಟು, ಕಲಸಿದ 100 ಎಂಎಲ್ ಹಾಲಿನ ಲೆಕ್ಕವನ್ನೇ ಹೋಲಿಸಿ.

ಈಗ ಇನ್ನೊಂದು ಕಡೆ ನೋಡಿ. ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆರಡು ಸಲ ಒಂದೊಂದು ಎಂಎಲ್ ಐರನ್ ಸಿರಪ್ ಇದೆ. ಪ್ರತಿ ಸಲ 20 ಮಿಲಿಗ್ರಾಂ, ದಿನಕ್ಕೆ ಹಂಚಿದರೆ ಐದೂವರೆಗಿಂತ ಜಾಸ್ತಿ. ಡಬ್ಬ ಬದಲಿಸಿ ಗಳಿಸುವುದರ ಎರಡು ಪಟ್ಟಿಗಿಂತ ಮೇಲು! (ಪುಡಿಯಲ್ಲೂ ಕಬ್ಬಿಣ ಇರುವುದರಿಂದ ಸಿರಪ್ ಶುರು ಮಾಡುವ ಮುಂಚೆ ಮಕ್ಕಳ ಡಾಕ್ಟರನ್ನು ಕೇಳಿ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆ ಇದ್ದ ಮಗುವಿನ ಲೆಕ್ಕವೇ ಬೇರೆ, ಅದು ಡಾಕ್ಟರು ಹೇಳಿದಂತೆ.) ಇದರ ಜೊತೆಗೆ ರಾಗಿ ಸರಿ, ಬೇಳೆ, ಸೊಪ್ಪು, ತಿನ್ನುವ ಮನೆಯಾದರೆ ಮೊಟ್ಟೆ, ಮಾಂಸ. ಆರು ತಿಂಗಳಲ್ಲಿ ನಿಜವಾಗಿ ಬದಲಾಗಬೇಕಾದದ್ದು ತಟ್ಟೆ. ಬಾಟಲಿ ಹಾಗೇ ಇದ್ದರೂ ನಡೆಯುತ್ತೆ.

ಇದು ನಾನೊಬ್ಬಳೇ ಹೇಳುತ್ತಿರೋದಲ್ಲ. ಈ "ಮುಂದಿನ ಹಂತದ" ಹಾಲು ಅಗತ್ಯವಿಲ್ಲ ಅಂತ ವಿಶ್ವ ಆರೋಗ್ಯ ಸಭೆ 1986ರಲ್ಲೇ ನಿರ್ಣಯದಲ್ಲಿ ಬರೆದಿತ್ತು. ಬ್ರಿಟನ್ನಿನ ಎನ್‌ಎಚ್‌ಎಸ್ ಕೂಡ ಆರು ತಿಂಗಳಿಗೆ ಬದಲಿಸಿದರೆ ಲಾಭವಿಲ್ಲ, ಮೊದಲ ಫಾರ್ಮುಲಾವನ್ನೇ ವರ್ಷದವರೆಗೆ ಕೊಡಬಹುದು ಅನ್ನುತ್ತದೆ. ನಮ್ಮಲ್ಲಿ ಗೊಂದಲ ಆಗೋದು ಒಂದನೇ ಡಬ್ಬದ ಮೇಲೆ "ಆರು ತಿಂಗಳವರೆಗೆ" ಅಂತ ಇರುವುದರಿಂದ. ಅದು ವರ್ಗದ ಗಡಿ. 181ನೇ ದಿನಕ್ಕೆ ಆ ಪುಡಿ ಕೆಟ್ಟುಹೋಗಲ್ಲ.

ಎರಡಕ್ಕೆ ಹೋದವರು ತಪ್ಪು ಮಾಡಿದರು ಅಂತಲೂ ಅಲ್ಲ. ಮಗು ಆರಾಮಾಗಿದ್ದರೆ ವಾಪಸ್ ಬರೋದೇನೂ ಬೇಡ. ಊಟಕ್ಕೆ ಬಾಯೇ ತೆಗೆಯದ ಮಗುವಿಗೆ ಡಾಕ್ಟರೇ ಎರಡು ಬರೆದರೆ ಅದಕ್ಕೊಂದು ಕಾರಣ ಇರುತ್ತೆ. ನಿಜವಾದ ತಪ್ಪು ಉಲ್ಟಾ ದಿಕ್ಕಿನದು: "ಹೊಟ್ಟೆ ತುಂಬ್ತಿಲ್ಲ ಕಣಮ್ಮ, ದೊಡ್ಡ ನಂಬರ್ ತಾ" ಅಂತ ಅಜ್ಜಿ ಅಂದರು ಅಂತ ನಾಲ್ಕನೇ ತಿಂಗಳಲ್ಲೇ ಎರಡು ಕೊಡೋದು. ಆ ವಯಸ್ಸಿನ ಮಗುವಿಗೆ ಹಾಲೇ ಪೂರ್ತಿ ಊಟ. ಎರಡನೆಯದನ್ನು ಒಬ್ಬಂಟಿ ಊಟವಾಗಿ ರೂಪಿಸಿಲ್ಲ.

ಬದಲಿಸಿದಾಗ ಆಗುವ ಇನ್ನೊಂದು ಎಡವಟ್ಟು ಸ್ಕೂಪಿನದು. ಹಳೇ ಡಬ್ಬದ ಸ್ಕೂಪ್ ಕೈಗೆ ಒಗ್ಗಿದೆ ಅಂತ ಅದನ್ನೇ ಇಟ್ಟುಕೊಳ್ಳುತ್ತಾರೆ. ಅಳತೆ ಬೇರೆ ಇದ್ದರೆ ಹಾಲು ತೀರಾ ಗಟ್ಟಿಯಾಗಿ ಮಲಬದ್ಧತೆ, ಇಲ್ಲಾ ತೀರಾ ನೀರಾಗಿ ತೂಕ ಏರದೆ ನಿಲ್ಲುತ್ತದೆ. ಹೊಸ ಡಬ್ಬ ತೆಗೆದ ದಿನವೇ ಹಳೇ ಸ್ಕೂಪ್ ಕಸಕ್ಕೆ ಹಾಕಿ. ಇನ್ನು ಮೂರನೇ ನಂಬರಿನ ವಿಷಯ: ವರ್ಷ ತುಂಬಿ, ಮನೆ ಊಟ ಚೆನ್ನಾಗಿ ಮಾಡುವ ಮಗುವಿಗೆ ಬೆಳಿಗ್ಗೆ ಬರುವ ನಂದಿನಿ ಪ್ಯಾಕೆಟ್ ಕಾಯಿಸಿ ಕೊಟ್ಟರೆ ಸಾಕು.